ಸೊನ್ನೆ ಮಳೆಯೋ, ಸುದ್ದಿಯೇ ಇಲ್ಲವೋ?

2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನೀರು ನುಗ್ಗಿತು. ಅಂಥ ರಾತ್ರಿ ಮಳೆಯ ಡ್ಯಾಶ್‌ಬೋರ್ಡ್ ನೋಡುವವರಿಗೆ ಮಳೆ ಎಷ್ಟು ಎಂಬುದು ಗೊತ್ತಾದರೆ ಸಾಲದು, ಆ ಅಂಕಿ ಯಾವ ಹೊತ್ತಿನದು ಎಂಬುದೂ ಗೊತ್ತಾಗಬೇಕು.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿದೆ. ಅವು 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಅಂಕಿ ಕಳಿಸುತ್ತವೆ. ಇಂಥ ಅಂಕಿಗಳನ್ನು ತೋರಿಸುವ ಒಂದು ಪುಟವನ್ನು ಕಲ್ಪಿಸಿಕೊಳ್ಳೋಣ. ಆಳಂದ ತಾಲ್ಲೂಕಿನ ಒಂದು ಮಾಪಕ ರಾತ್ರಿ 9:15ಕ್ಕೆ ಕೊನೆಯ ಸಂದೇಶ ಕಳಿಸಿತು. ಆಗ ಮಳೆ ಇರಲಿಲ್ಲ. ಆಮೇಲೆ ಬ್ಯಾಟರಿ ಇಳಿದು ಮಾಪಕ ಸುಮ್ಮನಾಯಿತು. 11:40ಕ್ಕೆ ಪುಟ ತೆರೆದರೆ 0 ಮಿ.ಮೀ. ಎಂದೇ ಕಾಣುತ್ತದೆ, ಕೆಳಗೆ ‘ಕೊನೆಯ ಪರಿಷ್ಕರಣೆ 11:40’ ಎಂದೂ ಇರುತ್ತದೆ. ಆ 11:40 ಸುಳ್ಳೇನಲ್ಲ. ಪುಟ ತನ್ನ ಭಂಡಾರದಿಂದ ಅಂಕಿ ತಂದ ಹೊತ್ತು ಅದು. ಅಂಕಿಗೆ ಮಾತ್ರ ಆಗಲೇ 2 ಗಂಟೆ 25 ನಿಮಿಷ ವಯಸ್ಸು.

ಹಾಗಾಗಿ ಪುಟದ ಮೇಲೆ ಬರಬೇಕಾದದ್ದು ಮಾಪಕ ಅಳೆದ ಹೊತ್ತು. ಅಂಕಿ ಬೆಂಗಳೂರು ತಲುಪಿದ ಹೊತ್ತನ್ನು ಹಾಕಿದರೂ ಮೋಸ ಹೋಗುತ್ತೇವೆ: ನೆಟ್‌ವರ್ಕ್ ಹೋಗಿ ಬಂದಾಗ, ತನ್ನಲ್ಲೇ ಕೂಡಿಟ್ಟ ಹಳೆಯ ಅಂಕಿಗಳನ್ನು ಮಾಪಕ ಒಮ್ಮೆಲೇ ಕಳಿಸಬಹುದು. ಆಗ ಬಂದದ್ದು ಈಗಷ್ಟೇ, ಅಳೆದದ್ದು ಸಂಜೆ.

ಎಷ್ಟು ಹೊತ್ತಾದರೆ ಹಳತು? ಸಂದೇಶ 15 ನಿಮಿಷಕ್ಕೊಮ್ಮೆ ಬರಬೇಕಾದಲ್ಲಿ ಒಂದು ತಪ್ಪಿದ ಮಾತ್ರಕ್ಕೆ ಗಾಬರಿ ಬೇಡ; ಹಳ್ಳಿಯ ಸಿಗ್ನಲ್ ಎಲ್ಲರಿಗೂ ಗೊತ್ತೇ ಇದೆ. ಮೂರು ತಪ್ಪಿದರೆ, ಅಂದರೆ 45 ನಿಮಿಷ ದಾಟಿದರೆ, ಆ ಅಂಕಿಯನ್ನು ಮಸುಕಾಗಿಸಿ ‘9:15ರ ನಂತರ ಮಾಹಿತಿ ಇಲ್ಲ’ ಎಂದು ಬರೆಯಬೇಕು. ಈ ಲೆಕ್ಕ ನಿಲ್ಲಬೇಕಾದರೆ ಮಳೆ ಇಲ್ಲದಾಗಲೂ ಮಾಪಕ ಸೊನ್ನೆಯನ್ನು ಕಳಿಸುತ್ತಲೇ ಇರಬೇಕು. ಮಳೆ ಬಂದಾಗ ಮಾತ್ರ ಮಾತಾಡುವ ಮಾಪಕ ಒಣಹವೆಯಿಂದ ಸುಮ್ಮನಿದೆಯೋ ಕೆಟ್ಟಿದೆಯೋ ತಿಳಿಯುವುದಿಲ್ಲ.

ತಾಲ್ಲೂಕಿನ ಒಟ್ಟು ಅಂಕಿಯಲ್ಲಿ ಇನ್ನೊಂದು ತೊಡಕು. ಎಲ್ಲ ಮಾಪಕಗಳ ಪೈಕಿ ತೀರಾ ಈಚಿನ ಹೊತ್ತನ್ನೇ ಮೇಲೆ ಹಾಕಿದರೆ, ಒಂದೇ ಒಂದು ಮಾಪಕ ಬದುಕಿದ್ದರೂ ಇಡೀ ಜೇವರ್ಗಿ ತಾಜಾ ಎನಿಸುತ್ತದೆ. ಎಷ್ಟು ಮಾಪಕಗಳಲ್ಲಿ ಎಷ್ಟರಿಂದ ಹೊಸ ಅಂಕಿ ಬಂದಿದೆ ಎಂದು ಬರೆಯುವುದೇ ನೇರ.

‘5 ನಿಮಿಷದ ಹಿಂದೆ’ ಎಂದಷ್ಟೇ ಬರೆಯುವ ರೂಢಿ ನನಗೆ ಹಿಡಿಸುವುದಿಲ್ಲ. ಗೋಡೆಯ ಪರದೆಯಲ್ಲಿ ಪುಟವೇ ಸ್ತಬ್ಧವಾದರೆ ಬೆಳಗಿನವರೆಗೂ ಅದು ಐದೇ ನಿಮಿಷ. ದಿನಾಂಕ, ಗಂಟೆ ಜೊತೆಗಿದ್ದರೆ ನೋಡುವವರು ಗಡಿಯಾರದೊಂದಿಗೆ ತಾಳೆ ಹಾಕಬಹುದು.

ಹೊತ್ತಿನ ಈ ತಪಾಸಣೆಯ ಕಣ್ಣಿಗೆ ಬೀಳದ ದೋಷವೂ ಉಂಟು. ಮಾಪಕದ ಆಲಿಕೆಯಲ್ಲಿ ಎಲೆ, ಕಸ ಕಟ್ಟಿಕೊಂಡರೆ ಸುರಿಯುವ ಮಳೆಯಲ್ಲೂ ಅದು ಸರಿಯಾದ ಹೊತ್ತಿಗೆ ಸೊನ್ನೆಯನ್ನೇ ಕಳಿಸುತ್ತದೆ. ಅದನ್ನು ಹಿಡಿಯಲು ಪಕ್ಕದ ಪಂಚಾಯಿತಿಗಳ ಅಂಕಿಯೊಂದಿಗೆ ಹೋಲಿಸಿ, ಸಂಶಯ ಬಂದರೆ ಯಾರಾದರೂ ಹೋಗಿ ಆಲಿಕೆಯೊಳಗೆ ನೋಡಬೇಕು.