ಗುಡ್ಡದ ಬುಡದಲ್ಲಿ ಐದು ಮೀಟರ್ ಬೋಳು ನೆಲ

ಅಕ್ಕ ತಂಗಿಯರೇ, ಹಿಂಗಾರಿ ಜೋಳ ಕೊಯ್ಲಿಗೆ ಬರುವ ಹೊತ್ತಿಗೆ ಕುರುಗೋಡಿನ ಗುಡ್ಡಗಳಲ್ಲಿ ಬಂಡೆಗಳ ನಡುವಿನ ಹುಲ್ಲು ಪೂರ್ತಿ ಒಣಗಿರುತ್ತದೆ. ಸಂಡೂರಿನ ಕಡೆಯ ಕಾಡುಗಳಲ್ಲಿ ಎಲೆ ಉದುರಿ ನೆಲ ಮುಚ್ಚಿರುತ್ತದೆ. ಅಲ್ಲಿಂದ ಮಳೆ ಹಿಡಿಯುವವರೆಗೆ ಬೆಂಕಿಯ ಕಾಲ. ಈ ಬೆಂಕಿ ಹೆಚ್ಚಾಗಿ ಹುಟ್ಟುವುದು ಮನುಷ್ಯರ ಕೈಯಿಂದ: ಹೊಲದ ಬದು ಸುಟ್ಟವರು ಆರಿಸದೆ ಮನೆಗೆ ಹೋದರು, ದನ ಕಾಯುವವರು ಬೀಡಿ ತುಂಡು ಎಸೆದರು, ಯಾರೋ ಹೊಸ ಹುಲ್ಲು ಬರಲಿ ಎಂದು ಬೇಕೆಂದೇ ಕಡ್ಡಿ ಗೀರಿದರು.

ಈ ಹೊಸ ಹುಲ್ಲಿನ ಮಾತು ನಮ್ಮ ಹಳ್ಳಿಗಳಲ್ಲಿ ಬಹಳ ಹಳೆಯದು. ಸುಟ್ಟ ಜಾಗದಲ್ಲಿ ಹಸಿರು ಚಿಗುರು ಬರುವುದು ನಿಜ, ಆದರೆ ಅದಕ್ಕೆ ಮಳೆ ಬೇಕು. ಫೆಬ್ರವರಿಯಲ್ಲಿ ಸುಟ್ಟರೆ ಜೂನ್‌ವರೆಗೆ, ಅಂದರೆ ನಾಲ್ಕು ತಿಂಗಳು, ಆ ಗುಡ್ಡದಲ್ಲಿ ಒಣಹುಲ್ಲೂ ಇಲ್ಲ, ಹಸಿಹುಲ್ಲೂ ಇಲ್ಲ. ಆ ನಾಲ್ಕು ತಿಂಗಳ ಮೇವನ್ನು ನೀವು ದುಡ್ಡು ಕೊಟ್ಟು ಸಿರುಗುಪ್ಪದ ಕಡೆಯಿಂದ ನೆಲ್ಲುಹುಲ್ಲಾಗಿ ತರಬೇಕು. ಬೋಳಾದ ಇಳಿಜಾರಿನ ಮಣ್ಣೂ ಮೊದಲ ಜೋರು ಮಳೆಗೆ ಕೊಚ್ಚಿ ಹೋಗುತ್ತದೆ.

ಬೆಂಕಿ ಗುಡ್ಡ ಹತ್ತುವ ಬಗೆಯನ್ನು ಒಲೆಯ ಮುಂದೆ ಕೂತವರಿಗೆ ವಿವರಿಸಬೇಕಿಲ್ಲ. ಜ್ವಾಲೆ ಮೇಲಕ್ಕೆ ವಾಲಿ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುತ್ತದೆ. ಇಳಿಜಾರು ಹತ್ತು ಡಿಗ್ರಿ ಕಡಿದಾದರೆ ಬೆಂಕಿಯ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಅರ್ಧ ಗುಡ್ಡ ಏರಿದ ಬೆಂಕಿಯನ್ನು ಊರವರು ಓಡಿ ಹಿಡಿಯಲಾರರು. ಅದನ್ನು ತಡೆಯುವ ಜಾಗ ಗುಡ್ಡದ ಬುಡ, ಹೊಲ ಮುಗಿದು ಹುಲ್ಲು ಶುರುವಾಗುವ ಅಂಚು. ಅಲ್ಲಿ ಸುಡುವ ವಸ್ತು ಏನೂ ಇಲ್ಲದ ಬೋಳು ಪಟ್ಟಿ ಮಾಡುವುದನ್ನೇ ಬೆಂಕಿ ರೇಖೆ ಎನ್ನುತ್ತಾರೆ. ಹೊಲದ ಬೆಂಕಿ ಗುಡ್ಡಕ್ಕೆ ಹೋಗದಂತೆ, ಗುಡ್ಡದ ಬೆಂಕಿ ಬಣವೆಗೆ ಬರದಂತೆ ಒಂದೇ ಪಟ್ಟಿ ಎರಡೂ ಕಡೆ ಕಾಯುತ್ತದೆ.

ಒಂದು ಲೆಕ್ಕ ಹಾಕೋಣ. ನಿಮ್ಮೂರ ಹೊಲಗಳು ಗುಡ್ಡಕ್ಕೆ ತಾಗುವ ಅಂಚು 500 ಮೀಟರ್ ಇದೆ, ಹುಲ್ಲು ಮೊಣಕಾಲೆತ್ತರ ಎಂದುಕೊಳ್ಳಿ. ಪಟ್ಟಿಯ ಅಗಲ ಐದು ಮೀಟರ್, ಅಂದರೆ ಏಳೆಂಟು ಹೆಜ್ಜೆ. ಒಟ್ಟು ನೆಲ 2,500 ಚದರ ಮೀಟರ್, ಸುಮಾರು 25 ಗುಂಟೆ. ಹುಲ್ಲು ಸೊಂಟದೆತ್ತರ ಇದ್ದರೆ ಐದು ಮೀಟರ್ ಸಾಲದು, ಹತ್ತಾದರೂ ಬೇಕು. ಈ ಪಟ್ಟಿಯ ಹುಲ್ಲನ್ನು ಹೂ ಬಂದು ಬೀಜ ಬಲಿಯುವ ಮೊದಲೇ ಕುಡುಗೋಲಿನಿಂದ ಕೊಯ್ದರೆ ಒಳ್ಳೆಯ ಮೇವು. ಜನವರಿಯಲ್ಲಿ ಕೊಯ್ದರೆ ಎಮ್ಮೆಗೆ ಹೊಟ್ಟೆ ತುಂಬುತ್ತದೆ, ಹಾಲಿಗೆ ಅಷ್ಟು ಬಲ ಬರುವುದಿಲ್ಲ. ಅಂಚು ಅರಣ್ಯ ಇಲಾಖೆಯ ಜಾಗದೊಳಗೆ ಬರುವುದಾದರೆ ಕುಡುಗೋಲು ಹಿಡಿಯುವ ಮೊದಲು ಗಸ್ತು ಅರಣ್ಯ ಪಾಲಕರನ್ನು ಕೇಳಿ. ನಿಮ್ಮೂರಲ್ಲಿ ಗ್ರಾಮ ಅರಣ್ಯ ಸಮಿತಿ ಇದ್ದರೆ ಅದರ ಮೂಲಕ ಕೇಳುವುದು ಸುಲಭ.

ಬರೀ ಕೊಯ್ದರೆ ಬೆಂಕಿ ರೇಖೆ ಆಗುವುದಿಲ್ಲ. ಉಳಿದ ಕೂಳೆಯಲ್ಲೇ ಬೆಂಕಿ ಮೆಲ್ಲಗೆ ತೆವಳಿ ದಾಟುತ್ತದೆ. ಕುಂಟೆ ಹೊಡೆದೋ ಸಲಿಕೆಯಿಂದ ಕೆರೆದೋ ಮಣ್ಣು ಕಾಣುವಂತೆ ಮಾಡಬೇಕು. ಕೆರೆದ ಕಸವನ್ನು ಗುಡ್ಡದ ಮಗ್ಗುಲಿಗೆ ರಾಶಿ ಹಾಕಬಾರದು, ಹೊಲದ ಕಡೆಗೆ ಎಳೆದು ತಿಪ್ಪೆಗೆ ಸಾಗಿಸಬೇಕು. ಡಿಸೆಂಬರ್ ಕೊನೆಯೊಳಗೆ ಈ ಕೆಲಸ ಮುಗಿದಿರಲಿ. ಆಮೇಲೆ ಎಲೆ ಉದುರುತ್ತಲೇ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಗುಡಿಸದಿದ್ದರೆ ಪಟ್ಟಿಯ ಮೇಲೇ ಎಲೆಯ ಹಾಸಿಗೆ ಆಗುತ್ತದೆ, ಬೆಂಕಿಗೆ ಅದು ಸೇತುವೆ. ಹೆಚ್ಚಿನ ಕಡೆ ರೇಖೆ ಸೋಲುವುದು ಇಲ್ಲೇ.

ಇನ್ನೊಂದು ಗಮನಿಸಿ. ಮೇಯುವ ಜಾಗದ ಒಣ ಸಗಣಿ ಸಣ್ಣ ವಸ್ತುವಲ್ಲ. ಕುಳ್ಳು ರಾತ್ರಿಯಿಡೀ ಕೆಂಡ ಹಿಡಿದಿರುವುದು ನಿಮಗೆ ಗೊತ್ತು. ಉರಿಯುವ ಸಗಣಿ ಹೆಂಟೆ ಇಳಿಜಾರಿನಲ್ಲಿ ಉರುಳಿ ರೇಖೆ ದಾಟಬಹುದು. ಹಾಗಾಗಿ ಪಟ್ಟಿಯ ಕೆಳ ಅಂಚಿನಲ್ಲಿ ಒಂದು ಗೇಣು ಆಳದ ಗಾಲಿ ತೆಗೆದರೆ ಉರುಳಿ ಬಂದದ್ದು ಅಲ್ಲೇ ಬೀಳುತ್ತದೆ.

ರೇಖೆಯ ಮಿತಿ ಏನೆಂದು 2019ರಲ್ಲಿ ಬಂಡೀಪುರ ತೋರಿಸಿತು. ಅಲ್ಲಿ ಅರಣ್ಯ ಇಲಾಖೆ ಪ್ರತಿವರ್ಷ ಬೆಂಕಿ ರೇಖೆ ಮಾಡಿಸುತ್ತದೆ, ಬೆಂಕಿ ಕಾವಲುಗಾರರನ್ನು ಇಡುತ್ತದೆ. ಆದರೂ ಆ ಫೆಬ್ರವರಿ 21ರ ನಂತರ ಹಬ್ಬಿದ ಬೆಂಕಿ ಗೋಪಾಲಸ್ವಾಮಿ ಬೆಟ್ಟದ ಸುತ್ತಲ ಕಾಡನ್ನು ಸುಟ್ಟಿತು. ಉಪಗ್ರಹ ಚಿತ್ರಗಳ ಅಂದಾಜಿನಂತೆ ಸುಟ್ಟದ್ದು ಸುಮಾರು 4,400 ಹೆಕ್ಟೇರ್. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಒಣಗಿದ ಲಂಟಾನ ಪೊದೆಗಳು ಆಳೆತ್ತರ ಇದ್ದವು, ಗಾಳಿ ಜೋರಾಗಿತ್ತು. ಅಂಥ ಗಾಳಿ ಉರಿಯುವ ಎಲೆಯನ್ನು ರೇಖೆಯ ಮೇಲಿಂದ ಆಚೆ ಹಾರಿಸುತ್ತದೆ. ರೇಖೆ ಬೆಂಕಿಯನ್ನು ನಿಧಾನ ಮಾಡುತ್ತದೆ, ನಿಮಗೆ ನಿಂತು ಹೊಡೆಯಲು ಜಾಗ ಕೊಡುತ್ತದೆ. ಗಾಳಿ ಬೀಸುವ ದಿನ ರೇಖೆಯ ಹಿಂದೆ ಜನವೂ ಇರಬೇಕು, ಸುದ್ದಿಯೂ ಬೇಗ ಮುಟ್ಟಬೇಕು.

ಸುದ್ದಿಯ ವಿಷಯದಲ್ಲಿ ಹಲವರು ಉಪಗ್ರಹ ನೋಡಿಕೊಳ್ಳುತ್ತದೆ ಎಂದುಕೊಂಡಿದ್ದಾರೆ. ಭಾರತೀಯ ಅರಣ್ಯ ಸಮೀಕ್ಷೆ ಉಪಗ್ರಹ ಕಂಡ ಬೆಂಕಿಯ ಸಂದೇಶವನ್ನು ಮೊಬೈಲಿಗೆ ಕಳಿಸುವುದು ನಿಜ. ಆದರೆ ಈ ಕೆಲಸದ ಮುಖ್ಯ ಉಪಗ್ರಹಗಳು ನಮ್ಮ ಮೇಲೆ ಹಾದುಹೋಗುವುದು ಮಧ್ಯಾಹ್ನ ಒಂದೂವರೆ ಮತ್ತು ನಡುರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ದನ ತಿರುಗಿಸಿಕೊಂಡು ಬರುವ ಮೂರು ಗಂಟೆಗೆ ಹತ್ತಿದ ಬೆಂಕಿ ಅವುಗಳ ಕಣ್ಣಿಗೆ ಬೀಳುವುದು ನಡುರಾತ್ರಿಗೆ. ಅಷ್ಟರಲ್ಲಿ ಗುಡ್ಡ ಉಳಿದಿರುವುದಿಲ್ಲ.

ನೀವು ಹಾಲು ಹಾಕಲು ಡೇರಿಗೆ ಬರುವುದು ಅದೇ ಸಂಜೆ ಹೊತ್ತಿನಲ್ಲಿ. ಊರಿನ ಎಲ್ಲ ದಿಕ್ಕಿನವರೂ ಸೇರುವ ಜಾಗ ಅದು. ಹಾಗಾಗಿ ಡೇರಿಯ ಗೋಡೆಯ ಮೇಲೆ ಗಸ್ತು ಅರಣ್ಯ ಪಾಲಕರ ನಂಬರು, ಅರಣ್ಯ ಸಹಾಯವಾಣಿ 1926, ತುರ್ತು ಕರೆಯ 112 ದೊಡ್ಡದಾಗಿ ಬರೆಸಿ. ಫೋನು ಮಾಡಿದಾಗ “ಗುಡ್ಡಕ್ಕೆ ಬೆಂಕಿ ಬಿದ್ದೈತ್ರಿ” ಎಂದಷ್ಟೇ ಹೇಳಿದರೆ ಜೀಪು ಎಲ್ಲಿಗೆ ಹೋಗಬೇಕು? ಊರ ಹೆಸರು, ಗುಡ್ಡದ ಯಾವ ಮಗ್ಗುಲು, ಹತ್ತಿರದ ಗುಡಿ ಅಥವಾ ಕೆರೆ, ಹೊಗೆ ಯಾವ ಕಡೆ ವಾಲುತ್ತಿದೆ, ಜೀಪು ಎಲ್ಲಿಯವರೆಗೆ ಬರುತ್ತದೆ, ಇಷ್ಟು ಹೇಳಿ. ಬಳ್ಳಾರಿ ನಗರದ ಅಂಚಿನಲ್ಲಿ ದನ ಕಟ್ಟುವವರು ಬಡಾವಣೆಯ ಹೆಸರನ್ನೂ ಸೇರಿಸಿ.

ಜನ ಸೇರುವವರೆಗೆ ಹಸಿ ಬೇವಿನ ಕೊಂಬೆಯಿಂದ ಬಡಿಯುವುದಾದರೆ ಸುಟ್ಟು ಕಪ್ಪಾದ ನೆಲದ ಕಡೆಯಿಂದ, ಬೆಂಕಿಯ ಹಿಂದಿನಿಂದ ಬಡಿಯಿರಿ. ಬೆಂಕಿಗಿಂತ ಮೇಲಿನ ಇಳಿಜಾರಿನಲ್ಲಿ ಯಾರೂ ನಿಲ್ಲಬಾರದು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡಿನಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯೊಬ್ಬರು ಸುಟ್ಟಗಾಯಗಳಿಂದ ತೀರಿಕೊಂಡರು, ಅವರು ಆ ಕೆಲಸ ಬಲ್ಲವರು. ನೈಲಾನ್ ಸೀರೆ ಉಟ್ಟವರು ಬೆಂಕಿಯ ಹತ್ತಿರ ಹೋಗಲೇಬೇಡಿ, ಅದು ಕರಗಿ ಮೈಗೆ ಅಂಟುತ್ತದೆ. ಅವರು ಗುಡ್ಡದ ಬುಡದ ಕೊಟ್ಟಿಗೆಗಳಲ್ಲಿ ದನಗಳ ಹಗ್ಗ ಬಿಚ್ಚಿ ಊರ ಕಡೆಗೆ ಹೊಡೆಯಲಿ.

ಬೆಂಕಿ ಆರಿತು ಎಂದ ಮಾರನೆಯ ಬೆಳಿಗ್ಗೆ ಒಂದು ಸುತ್ತು ಹೋಗಿ ಬನ್ನಿ. ಬಿಸಿಲು ಏರುವ ಮುನ್ನ ತೆಳು ಹೊಗೆ ಚೆನ್ನಾಗಿ ಕಾಣುತ್ತದೆ. ಸುಟ್ಟ ಅಂಚಿನ ಸಗಣಿ ಹೆಂಟೆ ಮತ್ತು ಮರದ ಬೊಡ್ಡೆಗಳ ಹತ್ತಿರ ಕೈಯ ಹಿಂಭಾಗ ಹಿಡಿದು ನೋಡಿ. ಶಾಖ ತಟ್ಟಿದರೆ ಒಳಗೆ ಕೆಂಡ ಇದೆ. ನೀರು ಹೊಯ್ದು ಕೆದಕಿ, ಮತ್ತೆ ನೀರು ಹೊಯ್ಯಿರಿ. ನೀರಿಲ್ಲದ ಕಡೆ ಹೆಂಟೆಯನ್ನು ಸಲಿಕೆಯಿಂದ ಸುಟ್ಟ ನೆಲದ ಒಳಭಾಗಕ್ಕೆ ಎಳೆದು ಒಡೆದು ಹರಡಿ. ಮಧ್ಯಾಹ್ನ ಗಾಳಿ ಎದ್ದ ಮೇಲೆ ಇನ್ನೊಮ್ಮೆ ನೋಡಿ.