ಅಜ್ಜಿಯ ಉಪ್ಪಿನ ಡಬ್ಬಿ

ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಅಟ್ಟದ ಮೆಟ್ಟಿಲ ಕೆಳಗೆ ಮಾವಿನ ಮಿಡಿಯ ಭರಣಿಗಳು ಸಾಲಾಗಿ ಕೂತಿರುತ್ತವೆ. ಮಿಡಿಗೆ ಉಪ್ಪು ಬೆರೆಸುವ ಅಳತೆ ಅಜ್ಜಿಯ ಕೈಯಲ್ಲೇ ಇತ್ತು. ಇನ್ನೊಬ್ಬರು ಹಾಕಿದರೆ ಆಕೆಗೆ ಸಮಾಧಾನವಿಲ್ಲ. ಅಂಥ ಅಜ್ಜಿಗೆ ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಸಿರೋಸಿಸ್ ಎಂದು ಗೊತ್ತಾಯಿತು. ಯಕೃತ್ತು ಗಾಯವಾಗಿ, ಮಾಗಿ, ಮತ್ತೆ ಗಾಯವಾಗಿ ಕೊನೆಗೆ ಗಂಟುಗಂಟಾಗಿ ಗಟ್ಟಿಯಾಗುವ ಕಾಯಿಲೆ ಅದು. ಊರಲ್ಲಿ ಕೆಲವರು ದನಿ ತಗ್ಗಿಸಿ ಕೇಳಿದರು, "ಅದು ಕುಡಿಯೋರಿಗೆ ಬರೋದಲ್ವಾ?" ಅಜ್ಜಿ ಜನ್ಮದಲ್ಲಿ ಹೆಂಡ ಮುಟ್ಟಿದವಳಲ್ಲ. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು, ಯಕೃತ್ತಿನಲ್ಲಿ ಕೊಬ್ಬು ಸೇರಿತ್ತು, ಅದು ಸದ್ದಿಲ್ಲದೆ ಇಲ್ಲಿಗೆ ತಂದು ನಿಲ್ಲಿಸಿತ್ತು. ಆ ಪ್ರಶ್ನೆ ಅವಳಿಗೆ ಕಾಯಿಲೆಗಿಂತ ಹೆಚ್ಚು ನೋವು ಕೊಟ್ಟಿತು ಎಂಬುದನ್ನು ನಾನು ಇಲ್ಲಿ ಬರೆದೇ ಮುಂದೆ ಹೋಗಬೇಕು.

ನಮಗೆ ಮೊದಲು ಕಂಡದ್ದು ಹೊಟ್ಟೆ. ಕೈಕಾಲು ಸಣ್ಣಗಾಗುತ್ತ ಬಂದರೂ ಹೊಟ್ಟೆ ಮಾತ್ರ ಉಬ್ಬುತ್ತ ಹೋಯಿತು. ಸೀರೆಯ ನೆರಿಗೆ ಸಿಕ್ಕಿಸಲು ಆಗುತ್ತಿಲ್ಲ, ಮಲಗಿದರೆ ಉಸಿರು ಕಟ್ಟುತ್ತದೆ ಎಂದಳು. ಆಸ್ಪತ್ರೆಯಲ್ಲಿ ಸೂಜಿ ಹಾಕಿ ಐದು ಲೀಟರ್ ನೀರು ತೆಗೆದರು. ಡಾಕ್ಟರು ಅಪ್ಪನನ್ನೂ ಅಮ್ಮನನ್ನೂ ಕೂರಿಸಿಕೊಂಡು ಒಂದು ಲೆಕ್ಕ ಹೇಳಿದರು. ಹೊಟ್ಟೆಯಲ್ಲಿ ತುಂಬುವ ಈ ನೀರಿನ ಪ್ರತಿ ಲೀಟರಿನಲ್ಲೂ ಏಳೂವರೆ ಗ್ರಾಂನಷ್ಟು ಉಪ್ಪಿನ ಅಂಶ ಇರುತ್ತದೆ. ಐದು ಲೀಟರ್ ಅಂದರೆ ಹತ್ತಿರ ಹತ್ತಿರ 38 ಗ್ರಾಂ, ಒಂದು ಹಿಡಿ ಉಪ್ಪು. "ನೀರು ತಾನಾಗಿ ನಿಲ್ಲೋದಿಲ್ಲ, ಉಪ್ಪು ಅದನ್ನ ಹಿಡಿದುಕೊಂಡು ಕೂತಿರುತ್ತೆ. ಉಪ್ಪು ಕೊಡದಿದ್ರೆ ನೀರಿಗೆ ನಿಲ್ಲೋಕೆ ಜಾಗ ಇಲ್ಲ" ಎಂದರು.

ಆರೋಗ್ಯವಂತರು ಉಪ್ಪು ಹೆಚ್ಚು ತಿಂದರೆ ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತದೆ. ಅಜ್ಜಿಯ ಮೂತ್ರಪಿಂಡ ಯಾಕೆ ಹಾಗೆ ಮಾಡುವುದಿಲ್ಲ? ಕರುಳಿನಿಂದ ಬರುವ ರಕ್ತವೆಲ್ಲ ಯಕೃತ್ತನ್ನು ಹಾದು ಹೃದಯಕ್ಕೆ ಹೋಗಬೇಕು. ಯಕೃತ್ತು ಗಟ್ಟಿಯಾದಾಗ ದಾರಿ ಇಕ್ಕಟ್ಟಾಗಿ, ಹಿಂದಿನ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ; ಹೊಟ್ಟೆಯ ಭಾಗದ ನಾಳಗಳು ಹಿಗ್ಗಿ ಅಲ್ಲೇ ರಕ್ತ ತಂಗುತ್ತದೆ. ಮೈಯಲ್ಲಿ ರಕ್ತ ಸಾಕಷ್ಟಿದ್ದರೂ ಮೂತ್ರಪಿಂಡಕ್ಕೆ ಮಾತ್ರ ಅದು ಕಡಿಮೆಯಾದಂತೆ ಕಾಣುತ್ತದೆ. ಬರಗಾಲ ಬಂದಿದೆ ಎಂದುಕೊಂಡು ಅದು ಸಿಕ್ಕ ಸೋಡಿಯಂ ಅನ್ನೆಲ್ಲ ಬಿಗಿಯಾಗಿ ಹಿಡಿದಿಡುತ್ತದೆ. ಸೋಡಿಯಂ ಹಿಂದೆ ನೀರು ಬರುತ್ತದೆ, ನೀರು ಹೊಟ್ಟೆಗೆ ಸೋರುತ್ತದೆ.

ಊರಿಗೆ ಬಂದ ಮೊದಲ ವಾರ ನಾವು ಮಾಡಿದ್ದು ಸರಿಯಲ್ಲ. ಅಮ್ಮ ಅಜ್ಜಿಯ ಅಡುಗೆಯಿಂದ ಉಪ್ಪನ್ನು ಪೂರ್ತಿ ತೆಗೆದುಬಿಟ್ಟಳು. ಉಪ್ಪಿಲ್ಲದ ತೊವ್ವೆ, ಉಪ್ಪಿಲ್ಲದ ಹಾಗಲಕಾಯಿ ಪಲ್ಯ. ನೀರು ಕೊಡುವುದನ್ನೂ ಅಪ್ಪ ಕಡಿಮೆ ಮಾಡಿದ. ಅಜ್ಜಿ ಎರಡು ತುತ್ತು ತಿಂದು ತಟ್ಟೆ ಸರಿಸಿ, "ಇದು ಸೂತಕದ ಊಟ. ಯಾರು ಸತ್ರು ಅಂತ ನಂಗೆ ಇದನ್ನ ಬಡಿಸ್ತೀಯ?" ಎಂದಳು. ಅಮ್ಮ ಒಲೆಯ ಮುಂದೆ ಕೂತು ಅತ್ತಳು. ಎಂಟು ದಿನ ಅಜ್ಜಿ ಮಜ್ಜಿಗೆ ಅನ್ನದಲ್ಲೇ ಕಳೆದಳು. ತೋಳು ಹಿಡಿದರೆ ಬರೀ ಮೂಳೆ ಸಿಗುತ್ತಿತ್ತು.

ಮರುಭೇಟಿಯಲ್ಲಿ ಆಸ್ಪತ್ರೆಯ ಆಹಾರ ತಜ್ಞೆ ಅಜ್ಜಿಯ ತೋಳನ್ನು ಹಿಡಿದು ನೋಡಿ, "ಉಪ್ಪು ಬಿಡಿಸೋಕೆ ಹೋಗಿ ಊಟಾನೇ ಬಿಡಿಸಿದ್ದೀರಿ" ಎಂದರು. ಈ ಕಾಯಿಲೆಯಲ್ಲಿ ಮಾಂಸಖಂಡ ಕರಗುವುದು ನೀರು ತುಂಬುವಷ್ಟೇ ಅಪಾಯ. ಯಕೃತ್ತು ಮಾಡಬೇಕಾದ ಕೆಲವು ಕೆಲಸವನ್ನು, ಅಮೋನಿಯಾ ತೆಗೆಯುವುದನ್ನೂ ಸೇರಿಸಿ, ಮಾಂಸಖಂಡವೇ ಹೊತ್ತುಕೊಂಡಿರುತ್ತದೆ. ಹಾಗಾಗಿ ಬೇಳೆಕಾಳು ಕಡಿಮೆ ಮಾಡಬಾರದು, ಹೆಚ್ಚಿಸಬೇಕು. ಮೈತೂಕದ ಒಂದು ಕಿಲೋಗೆ ದಿನಕ್ಕೆ 1.2 ಗ್ರಾಂನಿಂದ 1.5 ಗ್ರಾಂವರೆಗೆ ಪ್ರೋಟೀನ್ ಬೇಕು. ರಕ್ತದಲ್ಲಿ ಸೋಡಿಯಂ ತೀರಾ ಇಳಿದಿಲ್ಲವಾದ್ದರಿಂದ ನೀರಿಗೆ ಕಡಿವಾಣ ಬೇಡ ಎಂದರು. ಉಪ್ಪಿಗೆ ಒಂದು ಮಿತಿ ಕೊಟ್ಟರು: ದಿನಕ್ಕೆ ಒಟ್ಟು ಎರಡು ಗ್ರಾಂ ಸೋಡಿಯಂ. ಇದು ಐದು ಗ್ರಾಂ ಉಪ್ಪಿಗೆ ಸಮ. ಹಾಲು, ಮೊಸರು, ಸೊಪ್ಪು, ಕಾಳುಗಳಲ್ಲಿ ಹುಟ್ಟಿನಿಂದಲೇ ಇರುವ ಸೋಡಿಯಂ ಕಳೆದರೆ ಮೇಲಿನಿಂದ ಹಾಕಿಕೊಳ್ಳಲು ಸುಮಾರು ಮೂರು ಗ್ರಾಂ, ಅಂದರೆ ಅರ್ಧ ಟೀ ಚಮಚ ಉಳಿಯುತ್ತದೆ.

ಆ ಅರ್ಧ ಚಮಚವನ್ನು ಹೇಗೆ ಬಳಸಬೇಕು ಎಂದು ಅವರು ಹೇಳಿಕೊಟ್ಟದ್ದೇ ನಮ್ಮ ಮನೆಯನ್ನು ಬದಲಿಸಿತು. ಬೆಳಿಗ್ಗೆ ಎದ್ದು ಅರ್ಧ ಚಮಚ ಪುಡಿ ಉಪ್ಪನ್ನು, ಚಮಚದ ಅಂಚಿಗೆ ಸಮವಾಗಿ ಸವರಿ, ಒಂದು ಪುಟ್ಟ ಕುಂಕುಮದ ಡಬ್ಬಿಗೆ ಹಾಕಿಡುವುದು. ಅಡುಗೆಯ ಪಾತ್ರೆಗೆ ಉಪ್ಪು ಬೀಳುವ ಮೊದಲೇ ಅಜ್ಜಿಯ ಪಾಲನ್ನು ತೆಗೆದಿಡುವುದು. ಬಡಿಸಿದ ಮೇಲೆ ಅಜ್ಜಿಯೇ ಡಬ್ಬಿಯಿಂದ ಚಿಟಿಕೆ ತೆಗೆದು ಮೇಲೆ ಉದುರಿಸಿಕೊಳ್ಳುವುದು. ಸಾರಿನಲ್ಲಿ ಕುದ್ದು ಬೆರೆತ ಉಪ್ಪಿನ ಬಹುಪಾಲು ನಾಲಿಗೆಗೆ ತಾಗದೆಯೇ ಗಂಟಲಿಗೆ ಇಳಿಯುತ್ತದೆ. ಮೇಲೆ ಉದುರಿಸಿದ್ದು ಮೊದಲು ನಾಲಿಗೆಗೇ ಸಿಗುತ್ತದೆ. ಸಂಜೆ ಡಬ್ಬಿ ಖಾಲಿಯಾದರೆ ಆ ದಿನದ ಉಪ್ಪು ಮುಗಿಯಿತು. ಲೆಕ್ಕ ಮತ್ತೆ ಅಜ್ಜಿಯ ಕೈಗೇ ಬಂತು, ಅದು ಅವಳಿಗೆ ಹಿಡಿಸಿತು.

ಇನ್ನು ಅಡುಗೆ. ಅನ್ನಕ್ಕೆ ನಮ್ಮಲ್ಲಿ ಮೊದಲಿನಿಂದಲೂ ಉಪ್ಪು ಹಾಕುವುದಿಲ್ಲ, ಮೊಸರಿಗೆ ಬೇಡ, ತುಪ್ಪಕ್ಕೆ ಬೇಡ. ಅರ್ಧ ಊಟ ಆಗಲೇ ಉಪ್ಪಿಲ್ಲದ್ದು ಎಂದು ನಮಗೆ ಹೊಳೆದಿರಲೇ ಇಲ್ಲ. ತೊಂದರೆ ಇದ್ದದ್ದು ಕೂಡಿಸಿಕೊಳ್ಳುವ ಪದಾರ್ಥದಲ್ಲಿ. ಒಂದು ತಿಂಗಳು ಅಮ್ಮ ಪ್ರತಿ ದಿನ ಪ್ರಯತ್ನಿಸಿ ಕಂಡುಕೊಂಡದ್ದು ಇದು: ಉಪ್ಪು ರುಚಿ ಕೊಡುವುದಷ್ಟೇ ಅಲ್ಲ, ಕಹಿಯನ್ನು ಅಡಗಿಸಿಯೂ ಇಡುತ್ತದೆ. ಹಾಗಾಗಿ ಉಪ್ಪಿಲ್ಲದ ಹಾಗಲಕಾಯಿ, ಮೆಂತ್ಯ ಸೊಪ್ಪು ಬಾಯಿಗೆ ಇಡಲಾಗದಷ್ಟು ಕಹಿ. ತೊವ್ವೆ ಸಪ್ಪೆ ಹಿಟ್ಟಿನಂತೆ. ಆದರೆ ಹುಳಿ ಇರುವ ಪದಾರ್ಥ ಉಪ್ಪಿಲ್ಲದೆಯೂ ನಿಲ್ಲುತ್ತದೆ, ಸ್ವಲ್ಪ ಸಿಹಿ ಇರುವ ಕುಂಬಳಕಾಯಿಯಂಥ ತರಕಾರಿಯೂ ನಿಲ್ಲುತ್ತದೆ. ಕಾಯಿ ಅರೆಯುವ ಮೊದಲು ಕೊತ್ತಂಬರಿ ಬೀಜ, ಜೀರಿಗೆ, ಎಳ್ಳನ್ನು ಚೆನ್ನಾಗಿ ಕೆಂಪಗೆ ಹುರಿದರೆ ಅರ್ಧ ಕೊರತೆ ಮುಚ್ಚುತ್ತದೆ.

ಎಲ್ಲಕ್ಕಿಂತ ಗೆದ್ದದ್ದು ತಂಬುಳಿ. ದೊಡ್ಡಪತ್ರೆಯ ಎಂಟು ಹತ್ತು ಎಲೆಯನ್ನು ಅರ್ಧ ಚಮಚ ತುಪ್ಪದಲ್ಲಿ ಬಾಡಿಸಿ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಒಂದು ಹಿಡಿ ಕಾಯಿತುರಿಯೊಡನೆ ನುಣ್ಣಗೆ ಅರೆದು, ಹುಳಿ ಬಂದ ಗಟ್ಟಿ ಮೊಸರಿಗೆ ಬೆರೆಸಬೇಕು. ಸಾಸಿವೆ, ಒಣಮೆಣಸಿನ ಒಗ್ಗರಣೆಯನ್ನು ಊಟಕ್ಕೆ ಕೂರುವ ಹೊತ್ತಿಗೇ ಹಾಕಬೇಕು, ಮೊದಲೇ ಹಾಕಿಟ್ಟರೆ ಘಮ ಹೋಗುತ್ತದೆ. ಇದಕ್ಕೆ ಅಜ್ಜಿ ಡಬ್ಬಿ ಮುಟ್ಟುವುದೇ ಇಲ್ಲ. ಹೀಗೆ ಉಳಿದ ಚಿಟಿಕೆಯನ್ನು ಅವಳು ರಾತ್ರಿಯ ಹೆಸರುಕಾಳಿನ ಉಸಲಿಗೆ ಎತ್ತಿಡುತ್ತಾಳೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ನಾಲಿಗೆಯೂ ಒಗ್ಗಿತು. ನೆಂಟರ ಮನೆಯ ಸಾರು ಕುಡಿದು "ಸಮುದ್ರದ ನೀರು" ಎಂದು ಮುಖ ಕಿವುಚಿದಳು.

ಆದರೆ ನಾವು ತಿಳಿದುಕೊಂಡಿದ್ದಕ್ಕಿಂತ ಉಪ್ಪಿಗೆ ವೇಷ ಹೆಚ್ಚು. ಬೆಂಗಳೂರಿನಿಂದ ಚಿಕ್ಕಪ್ಪ ಕಡಿಮೆ ಸೋಡಿಯಂ ಉಪ್ಪಿನ ಪೊಟ್ಟಣ ತಂದ. ಅಮ್ಮ ಹಾಕುವ ಮೊದಲು ಡಾಕ್ಟರಿಗೆ ಫೋನ್ ಮಾಡಿದ್ದು ನಮ್ಮ ಪುಣ್ಯ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಅಜ್ಜಿ ನೀರು ಇಳಿಯಲು ತೆಗೆದುಕೊಳ್ಳುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುತ್ತದೆ. ಎರಡೂ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು. ಪೊಟ್ಟಣ ವಾಪಸ್ ಹೋಯಿತು. ಸೈಂಧವ ಲವಣ ಒಳ್ಳೆಯದು ಎಂದವರೂ ಇದ್ದರು. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ, ಬಣ್ಣ ಮಾತ್ರ ಬೇರೆ.

ನಿಜವಾದ ಪಾಠ ಮೂರನೇ ತಿಂಗಳಲ್ಲಿ ಸಿಕ್ಕಿತು. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮೊದಲು, ಒಂದೇ ಬಗೆಯ ಸೀರೆಯಲ್ಲಿ ಅಜ್ಜಿ ತೂಕದ ಯಂತ್ರದ ಮೇಲೆ ನಿಲ್ಲುತ್ತಾಳೆ. ಅಪ್ಪ ಕ್ಯಾಲೆಂಡರಿನಲ್ಲಿ ಬರೆಯುತ್ತಾನೆ. ಮಾತ್ರೆ ಮತ್ತು ಪಥ್ಯದಿಂದ ತೂಕ 46 ಕಿಲೋಗೆ ಬಂದು ನಿಂತಿತ್ತು. ತೂಕ ಬೇಗ ಇಳಿಯಬಾರದು ಎಂದೂ ಹೇಳಿದ್ದರು. ಕಾಲು ಊದಿರದಿದ್ದರೆ ದಿನಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಇಳಿದರೆ ಮೂತ್ರಪಿಂಡಕ್ಕೆ ಪೆಟ್ಟು. ಒಂದು ಸೋಮವಾರದಿಂದ ಶುಕ್ರವಾರದೊಳಗೆ ಕ್ಯಾಲೆಂಡರಿನಲ್ಲಿ 46 ಇದ್ದದ್ದು 47.5 ಆಯಿತು. ನಾಲ್ಕು ದಿನದಲ್ಲಿ ಒಂದೂವರೆ ಕಿಲೋ ಕೊಬ್ಬು ಬೆಳೆಯುವುದಿಲ್ಲ, ಅದು ನೀರು. ಒಂದೂವರೆ ಲೀಟರ್ ಅಂದರೆ ಸುಮಾರು 11 ಗ್ರಾಂ ಉಪ್ಪು ಎಲ್ಲಿಂದಲೋ ಒಳಗೆ ಹೋಗಿದೆ. ಹಾಗಾದರೆ ದಿನಕ್ಕೆ ಮೂರು ಗ್ರಾಂ, ಇನ್ನೊಂದು ಡಬ್ಬಿಯಷ್ಟು!

ಅಮ್ಮ ಸಾರಿನ ಪುಡಿ, ಚಟ್ನಿಪುಡಿ ಎಲ್ಲ ತಡಕಿದಳು. ಭರಣಿಗಳನ್ನೂ ನೋಡಿದಳು, ಅನುಮಾನಪಟ್ಟದ್ದಕ್ಕೆ ಆಮೇಲೆ ತಾನೇ ನೊಂದಳು. ಕೊನೆಗೆ ಅಜ್ಜಿಯೇ ಹೇಳಿದಳು: ಹೊಟ್ಟೆಯಲ್ಲಿ ಗ್ಯಾಸ್ ಆಗುತ್ತಿದೆ ಎಂದು ಬೆಳಿಗ್ಗೆ ಸಂಜೆ ಅರ್ಧ ಚಮಚ ಅಡುಗೆ ಸೋಡಾವನ್ನು ಲೋಟ ನೀರಿನಲ್ಲಿ ಕದಡಿ ಕುಡಿಯುತ್ತಿದ್ದಳು. "ಅದು ಉಪ್ಪಲ್ವಲ್ಲ ಮಾರಾಯ್ತಿ, ಉಪ್ಪಾಗಿ ಇರೋದೇ ಇಲ್ವಲ್ಲ!" ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬನೇಟ್. ಅರ್ಧ ಟೀ ಚಮಚದಲ್ಲಿ ಸುಮಾರು 600 ಮಿಲಿಗ್ರಾಂ ಸೋಡಿಯಂ. ದಿನಕ್ಕೆ ಎರಡು ಸಲ ಕುಡಿದರೆ ಮೂರು ಗ್ರಾಂ ಉಪ್ಪು ತಿಂದಂತೆಯೇ. ಲೆಕ್ಕ ತಾಳೆಯಾಯಿತು. ಮೈ ಹಿಡಿದಿಡುವುದು ಉಪ್ಪಿನ ರುಚಿಯನ್ನಲ್ಲ, ಸೋಡಿಯಂ ಅನ್ನು. ಆಮೇಲೆ ಹಪ್ಪಳದ ಖಾರ, ಬೋಂಡದ ಸೋಡಾ, ಬ್ರೆಡ್ಡು, ಬಿಸ್ಕತ್ತು, ನೀರಿನಲ್ಲಿ ಕರಗಿಸುವ ನೊರೆ ಮಾತ್ರೆ ಎಲ್ಲವೂ ಪಟ್ಟಿಗೆ ಸೇರಿದವು. ಮಂಡಿನೋವಿಗೆ ಅಂಗಡಿಯಿಂದ ತರುವ ಮಾತ್ರೆಯನ್ನೂ ಡಾಕ್ಟರು ನಿಲ್ಲಿಸಿದರು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯವು ಮೂತ್ರಪಿಂಡವನ್ನು ಇನ್ನಷ್ಟು ಬಿಗಿಸುತ್ತವೆ.

ಪಥ್ಯ ಯಕೃತ್ತನ್ನು ಹಿಂದಿನಂತೆ ಮಾಡುವುದಿಲ್ಲ. ನೀರು ತುಂಬುವವರಲ್ಲಿ ಕೆಲವರಿಗೆ ಎಷ್ಟು ಅಚ್ಚುಕಟ್ಟಾಗಿ ನಡೆದರೂ ಮತ್ತೆ ಮತ್ತೆ ಸೂಜಿ ಹಾಕಿಸಬೇಕಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಜ್ವರ, ಹೊಟ್ಟೆನೋವು, ಕಪ್ಪು ಮಲ, ಹಗಲು ನಿದ್ದೆ ರಾತ್ರಿ ಎಚ್ಚರ, ಮಾತಿನಲ್ಲಿ ತೊಡರು ಕಂಡರೆ ಬೆಳಗಾಗುವವರೆಗೆ ಕಾಯದೆ ಹೊರಡಬೇಕು. ಆ ಚೀಟಿ ತೂಕದ ಕ್ಯಾಲೆಂಡರಿನ ಪಕ್ಕದಲ್ಲೇ ಇದೆ.

ಗಟ್ಟಿಯಾದ ಯಕೃತ್ತಿನಲ್ಲಿ ರಾತ್ರಿಗೆ ಬೇಕಾದಷ್ಟು ಸಕ್ಕರೆಯ ದಾಸ್ತಾನು ಇರುವುದಿಲ್ಲ, ಬೆಳಗಿನ ಜಾವಕ್ಕೆ ಮೈ ತನ್ನ ಮಾಂಸವನ್ನೇ ಕರಗಿಸತೊಡಗುತ್ತದೆ. ಅದಕ್ಕೆ ರಾತ್ರಿ ಹತ್ತಕ್ಕೆ ಅಮ್ಮ ರಾಗಿ ಅಂಬಲಿಗೆ ಮೊಸರು ಬೆರೆಸಿ, ಕರಿಬೇವು ಇಂಗಿನ ಒಗ್ಗರಣೆ ಕೊಟ್ಟು ತರುತ್ತಾಳೆ. "ಅತ್ತೆ, ಮಲಗೋ ಮುಂಚೆ ಇದೊಂದು ಕುಡೀರಿ." ಅಜ್ಜಿ ತಲೆದಿಂಬಿನ ಪಕ್ಕದ ಕುಂಕುಮದ ಡಬ್ಬಿ ತೆರೆದು ನೋಡುತ್ತಾಳೆ. ತಳದಲ್ಲಿ ನಾಲ್ಕು ಕಾಳು ಉಳಿದಿದ್ದರೆ ಬೆರಳಿಗೆ ಅಂಟಿಸಿಕೊಂಡು ನಾಲಿಗೆಗೆ ಇಟ್ಟುಕೊಂಡು, ಆಮೇಲೆ ಅಂಬಲಿ ಕುಡಿಯುತ್ತಾಳೆ.