ಜಾಹೀರಾತಿನ ಕೆಳಗಿನ ಸಾಲುಗಳು

ಸಕಲೇಶಪುರದ ಒಂದು ಹೋಂಸ್ಟೇ ಗೂಗಲ್‌ನಲ್ಲಿ ಜಾಹೀರಾತು ಹಾಕುತ್ತದೆ ಎಂದಿಟ್ಟುಕೊಳ್ಳೋಣ. ಶೀರ್ಷಿಕೆ, ಎರಡು ಸಾಲು ವಿವರಣೆ, ಅಷ್ಟೇ. ಪಕ್ಕದ ಊರಿನ ಹೋಂಸ್ಟೇಯವರ ಜಾಹೀರಾತು ಮಾತ್ರ ಮೊಬೈಲ್‌ನಲ್ಲಿ ಅರ್ಧ ಪರದೆಯನ್ನೇ ಹಿಡಿದಿರುತ್ತದೆ. ಅದಕ್ಕೆ ಕಾರಣ ಎಕ್ಸ್‌ಟೆನ್ಶನ್‌ಗಳು. ಗೂಗಲ್ 2022ರಿಂದ ಇವನ್ನು ಅಸೆಟ್ ಎನ್ನುತ್ತಿದ್ದರೂ ಹಳೆಯ ಹೆಸರು ಇನ್ನೂ ಬಾಯಲ್ಲಿ ಉಳಿದಿದೆ. ಇವನ್ನು ಸೇರಿಸಲು ದುಡ್ಡಿಲ್ಲ. ಒತ್ತಿದಾಗ ಮಾತ್ರ, ಶೀರ್ಷಿಕೆಯನ್ನು ಒತ್ತಿದ ಹಾಗೆಯೇ, ಹಣ ಕಟ್ಟಬೇಕು.

ಹೆಚ್ಚು ಜಾಗ ಹಿಡಿಯುವುದು ಸೈಟ್‌ಲಿಂಕ್. ಒಂದೊಂದಕ್ಕೂ 25 ಕ್ಯಾರೆಕ್ಟರ್‌ಗಳ ಹೆಸರು, ಬೇಕಿದ್ದರೆ ಕೆಳಗೆ 35ರ ಎರಡು ಸಾಲು. ಆ ಎರಡು ಸಾಲುಗಳನ್ನು ಬಹಳ ಜನ ಖಾಲಿ ಬಿಡುತ್ತಾರೆ, ಸಿಗಬಹುದಾದ ಜಾಗ ಅಲ್ಲೇ ಕೈತಪ್ಪುತ್ತದೆ. ‘ನಮ್ಮ ಬಗ್ಗೆ’ ಎಂದು ಬರೆದರೆ ಯಾರು ಒತ್ತುತ್ತಾರೆ? ಬರುವವರು ಫೋನಿನಲ್ಲಿ ಮೊದಲು ಕೇಳುವ ಪ್ರಶ್ನೆಗಳನ್ನೇ ಲಿಂಕ್ ಮಾಡಬೇಕು: ‘ಕೋಣೆ ಮತ್ತು ಬಾಡಿಗೆ’, ‘ಮನೆಯೂಟದ ಮೆನು’, ‘ಬೆಂಗಳೂರಿಂದ ಬರುವ ದಾರಿ’, ‘ಹತ್ತಿರದ ಜಾಗಗಳು’. ಕೊನೆಯದರ ಕೆಳಗೆ ‘ಮಂಜರಾಬಾದ್ ಕೋಟೆ, ಜಲಪಾತ, ಚಾರಣ’. ಪ್ರತಿ ಲಿಂಕ್ ಬೇರೆ ಬೇರೆ ಪುಟಕ್ಕೆ ಹೋಗಬೇಕು. ನಾಲ್ಕನ್ನೂ ಮುಖಪುಟಕ್ಕೇ ಕಟ್ಟಿದರೆ ಗೂಗಲ್ ಒಪ್ಪುವುದಿಲ್ಲ.

ಕಾಲ್‌ಔಟ್ ಒತ್ತುವಂಥದ್ದಲ್ಲ, ಬರೀ ಮಾತು, ಅದೂ 25ರೊಳಗೆ. ‘ಅತ್ಯುತ್ತಮ ಸೇವೆ’ ಎಂದು ಎಲ್ಲರೂ ಬರೆಯುತ್ತಾರೆ, ಓದುವವರ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ‘ಊಟ-ತಿಂಡಿ ಸೇರಿ ಬಾಡಿಗೆ’, ‘ನಾಯಿ ಕರೆತರಬಹುದು’ ಎಂದರೆ ಬೇಕಾದವರು ನಿಲ್ಲುತ್ತಾರೆ, ಬೇಡದವರು ಮುಂದೆ ಹೋಗುತ್ತಾರೆ. ದುಡ್ಡು ಕೊಡುವವನಿಗೆ ಎರಡೂ ಲಾಭವೇ. ಜಾಹೀರಾತಿನಲ್ಲಿ ಆಗಲೇ ಹೇಳಿದ್ದನ್ನು ಇಲ್ಲಿ ಮತ್ತೆ ಹೇಳಬಾರದು.

ಕಾಲ್ ಎಕ್ಸ್‌ಟೆನ್ಶನ್‌ನಲ್ಲಿ ಬರೆಯುವುದೇನೂ ಇಲ್ಲ, ಒಂದು ನಂಬರು ಸಾಕು. ಹಣ ಪೋಲಾಗುವುದು ಮಾತ್ರ ಇಲ್ಲೇ. ರಾತ್ರಿ ಹನ್ನೊಂದಕ್ಕೆ ಯಾರೋ ಒತ್ತಿದರು, ಇತ್ತ ಯಾರೂ ಎತ್ತಲಿಲ್ಲ. ಆ ಕ್ಲಿಕ್ಕಿನ ಹಣ ಹೋಯಿತು. ಹಾಗಾಗಿ ಫೋನ್ ಎತ್ತುವವರಿರುವ ಹೊತ್ತನ್ನೇ ವೇಳಾಪಟ್ಟಿಯಲ್ಲಿ ಹಾಕಬೇಕು. ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಪೇಟೆಯಲ್ಲಿರುವವರ ನಂಬರು ಕೊಡುವುದು ವಾಸಿ. ಕರೆ ಎಷ್ಟು ಹೊತ್ತು ನಡೆದರೆ ವ್ಯವಹಾರದ ಕರೆ ಎಂದು ಎಣಿಸಬೇಕು ಎಂಬುದನ್ನೂ ಹೇಳಬಹುದು. ಬದಲಾಯಿಸದಿದ್ದರೆ ಅದು 60 ಸೆಕೆಂಡು.

ಇಷ್ಟು ಮಾಡಿದರೂ ಬರೆದದ್ದೆಲ್ಲ ಪ್ರತಿಸಲ ಕಾಣುವುದಿಲ್ಲ. ಯಾವುದನ್ನು, ಎಷ್ಟನ್ನು ತೋರಿಸಬೇಕೆಂದು ಹರಾಜಿನ ಹೊತ್ತಿಗೆ ಗೂಗಲ್ ತೀರ್ಮಾನಿಸುತ್ತದೆ. ಕೆಳಗಿನ ಸ್ಥಾನದ ಜಾಹೀರಾತಿಗೆ ಒಂದೂ ದಕ್ಕದೆ ಹೋಗಬಹುದು. ವರದಿ ಓದುವಾಗಲೂ ಜೋಪಾನ. ಸೈಟ್‌ಲಿಂಕ್ ಎದುರು ಕಾಣುವ ಕ್ಲಿಕ್‌ಗಳಲ್ಲಿ, ಅದು ಕಾಣಿಸಿಕೊಂಡಾಗ ಶೀರ್ಷಿಕೆಗೆ ಬಿದ್ದ ಕ್ಲಿಕ್‌ಗಳೂ ಸೇರಿರುತ್ತವೆ. ‘ಮನೆಯೂಟದ ಮೆನು’ವನ್ನೇ ಎಷ್ಟು ಮಂದಿ ಒತ್ತಿದರು ಎಂದು ತಿಳಿಯಲು ಸೆಗ್ಮೆಂಟ್‌ನಲ್ಲಿ ‘This asset vs. Other’ ಆರಿಸಿ ನೋಡಬೇಕು.